ಬೆಳೆಗಾರರ ಗುಂಪಿನ ಹಳೆಯ ಮಾತುಕತೆಯಿಂದ ಹೊಸ ಪ್ರಶ್ನೆಗೆ ಹೊಂದುವ ಉತ್ತರ ಹುಡುಕುವುದು: ಎಂಬೆಡಿಂಗ್ ಬಳಸಿಯೂ ಸಂಬಂಧವಿಲ್ಲದ ಸಂದೇಶಗಳೇ ಬರುತ್ತಿವೆ

ತುಂಗಾತೀರ (ಶಿವಮೊಗ್ಗ)

ನಮ್ಮ ಕಡೆಯ ಅಡಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಆರು ವರ್ಷಗಳ ಮಾತುಕತೆ ಸೇರಿಕೊಂಡಿದೆ. ಅದನ್ನು ಪಠ್ಯರೂಪದಲ್ಲಿ ಹೊರತೆಗೆದಾಗ ಸುಮಾರು 31,000 ಸಂದೇಶಗಳಾದವು. ಮುಂಗಾರು ಹತ್ತಿರವಾದಂತೆ ಪ್ರತಿ ವರ್ಷವೂ ಅವೇ ಪ್ರಶ್ನೆಗಳು ಮರಳಿ ಬರುತ್ತವೆ, ಮತ್ತು ಅವಕ್ಕೆ ಹಿಂದೆಯೇ ವಿವರವಾಗಿ ಉತ್ತರಿಸಿದ ಹಿರಿಯರು ಪ್ರತಿ ಸಲವೂ ಹೊಸದಾಗಿ ಬರೆಯಬೇಕಾಗುತ್ತದೆ. ಹೊಸ ಪ್ರಶ್ನೆ ಬಂದ ಕೂಡಲೇ ಅದಕ್ಕೆ ಹತ್ತಿರವಾದ ಐದು ಹಳೆಯ ತುಣುಕುಗಳನ್ನು ಗುಂಪಿನ ನಿರ್ವಾಹಕರಿಗೆ ತೋರಿಸುವ ಸಣ್ಣದೊಂದು ವ್ಯವಸ್ಥೆ ಮಾಡಲು ಹೊರಟಿದ್ದೇನೆ. ಉತ್ತರವನ್ನು ಯಂತ್ರದಿಂದ ಬರೆಸುವ ಉದ್ದೇಶ ನನಗಿಲ್ಲ. ಹಳೆಯ ಮಾತು ಸಿಕ್ಕರೆ ಸಾಕು.

ಪ್ರತಿ ಸಂದೇಶಕ್ಕೂ ಎಂಬೆಡಿಂಗ್ ಮಾಡಿ, ಅಂದರೆ ಅದರ ಅರ್ಥವನ್ನು ವೆಕ್ಟರ್ ಎಂಬ ಅಂಕಿಗಳ ಸಾಲಾಗಿಸಿ, ವೆಕ್ಟರ್ ಸಂಗ್ರಹದಲ್ಲಿ ಇಟ್ಟಿದ್ದೇನೆ. ಮಾಡೆಲನ್ನು ನಾನು ಆರಿಸಲಿಲ್ಲ, ಸಂಗ್ರಹವು ತಾನಾಗಿ ಬಳಸುವುದನ್ನೇ ಉಳಿಸಿಕೊಂಡೆ. ನಿನ್ನೆ ‘ಎರಡನೆಯ ಬೋರ್ಡೋ ಯಾವಾಗ ಹೊಡೆಯಬೇಕು?’ ಎಂದು ಕೇಳಿದಾಗ ಮೊದಲನೆಯದಾಗಿ ಬಂದದ್ದು ‘ನಾಳೆ ಸಭೆ ಎಷ್ಟು ಗಂಟೆಗೆ?’ ಎಂಬ ಸಂದೇಶ. ಎರಡರ ನಡುವಿನ ಅಂತರ 0.0 ಎಂದು ತೋರಿಸುತ್ತಿದೆ. ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆಯ ಬಗ್ಗೆ ಗುಂಪಿನಲ್ಲಿ ಕನಿಷ್ಠ ಇಪ್ಪತ್ತು ಚರ್ಚೆಗಳಾದರೂ ನಡೆದಿವೆ ಎಂಬುದು ನನಗೆ ಗೊತ್ತು. ಎಲ್ಲಿ ತಪ್ಪಿದ್ದೇನೆ?

ಶರಾವತಿಕಣಿವೆ (ಸಾಗರ)

ನಿಮ್ಮ ಮಾಡೆಲ್ 384 ಅಂಕಿಗಳ ವೆಕ್ಟರ್ ಕೊಡುವಂಥದ್ದಿರಬೇಕು. ಕನ್ನಡದಂತಹ ಭಾಷೆಗೆ ಅಷ್ಟು ಸಾಲದು, 1024 ಅಂಕಿಗಳಿರುವ ಬಹುಭಾಷಾ ಮಾಡೆಲ್ ಬೇಕು. ಇದಲ್ಲದೆ ಇಂತಹ ಸಂಗ್ರಹಗಳು ವೇಗಕ್ಕಾಗಿ ಅಂದಾಜಿನ ಹುಡುಕಾಟ ಮಾಡುತ್ತವೆ, ನಿಜವಾಗಿ ಹತ್ತಿರವಾದುದನ್ನು ಬಿಟ್ಟುಬಿಡುವುದೂ ಉಂಟು. ದೊಡ್ಡ ಸಂಗ್ರಹಕ್ಕೆ ಬದಲಾಯಿಸಿ, ಸಾಮ್ಯದ ಮಿತಿಯನ್ನು 0.75ಕ್ಕೆ ಏರಿಸಿದರೆ ಕಸವೆಲ್ಲ ತಾನಾಗಿ ಹೊರಗೆ ಹೋಗುತ್ತದೆ.

ಕೊಡಚಾದ್ರಿತಪ್ಪಲು (ಹೊಸನಗರ)

ಬಹುಭಾಷಾ ಮಾಡೆಲ್ ಬೇಕು ಎಂಬ ಮಾತು ಸರಿ, ಆದರೆ ಕಾರಣ ಅಂಕಿಗಳ ಸಂಖ್ಯೆಯಲ್ಲ. ಸಂಗ್ರಹವೂ ಇಲ್ಲಿ ತಪ್ಪಿತಸ್ಥನಲ್ಲ. 31,000 ಸಂದೇಶ, ಒಂದೊಂದಕ್ಕೆ 384 ಅಂಕಿ, ಒಂದು ಅಂಕಿಗೆ 4 ಬೈಟ್ ಎಂದರೂ ಒಟ್ಟು 48 ಎಂಬಿಗಿಂತ ಕಡಿಮೆ. ಇಷ್ಟಕ್ಕೆ ಅಂದಾಜಿನ ಹುಡುಕಾಟವೇ ಬೇಕಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಪ್ರತಿಯೊಂದನ್ನೂ ನೇರವಾಗಿ ಹೋಲಿಸಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ತುಂಗಾತೀರ ಅವರೇ, ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 0.0 ಎಂಬ ಅಂತರ. ಬೇರೆಬೇರೆ ವಿಷಯದ ಎರಡು ವಾಕ್ಯಗಳು ಹತ್ತಿರವಾಗಬಹುದು, ಆದರೆ ಪೂರ್ತಿ ಒಂದೇ ಆಗಬೇಕಾದರೆ ಮಾಡೆಲ್ಲಿನ ಕಣ್ಣಿಗೆ ಅವೆರಡೂ ಒಂದೇ ವಾಕ್ಯವಾಗಿ ಕಂಡಿರಬೇಕು. ಕೆಲವು ಸಂಗ್ರಹಗಳು ತಾವಾಗಿ ಬಳಸುವುದು `all-MiniLM-L6-v2` ಎಂಬ ಮಾಡೆಲ್. ಅದು ಇಂಗ್ಲಿಷಿಗಾಗಿ ತಯಾರಾದದ್ದು. ಕೆಳಗಿನ ಮೂರು ಸಾಲುಗಳನ್ನು ಓಡಿಸಿ ಏನು ಬರುತ್ತದೆ ಹೇಳಿ.

```python
from transformers import AutoTokenizer
t = AutoTokenizer.from_pretrained("sentence-transformers/all-MiniLM-L6-v2")
print(t.tokenize("ಎರಡನೆಯ ಬೋರ್ಡೋ ಯಾವಾಗ ಹೊಡೆಯಬೇಕು?"))
```

ತುಂಗಾತೀರ (ಶಿವಮೊಗ್ಗ)

ಬಂದದ್ದು ಇದು:

```
['[UNK]', '[UNK]', '[UNK]', '[UNK]', '?']
```

ಸಭೆಯ ಸಂದೇಶಕ್ಕೂ ಅಕ್ಷರಶಃ ಇದೇ ಬರುತ್ತದೆ. ನಾಲ್ಕು ಪದ, ಕೊನೆಯಲ್ಲೊಂದು ಪ್ರಶ್ನೆಚಿಹ್ನೆ. ಹಾಗಾದರೆ ಎರಡು ವಾರಗಳಿಂದ ನಾನು ಹುಡುಕುತ್ತಿದ್ದದ್ದು ಪದಗಳ ಎಣಿಕೆಯನ್ನು ಮಾತ್ರ. ಐದು ಪದಗಳ ಪ್ರಶ್ನೆಗೆ ಐದು ಪದಗಳ ಹಬ್ಬದ ಶುಭಾಶಯಗಳು ಏಕೆ ಬರುತ್ತಿದ್ದವು ಎಂಬುದೂ ಈಗ ಅರ್ಥವಾಯಿತು.

ಕೊಡಚಾದ್ರಿತಪ್ಪಲು (ಹೊಸನಗರ)

ಹೌದು. ಆ ಮಾಡೆಲ್ಲಿನ ಪದಕೋಶದಲ್ಲಿ ಕನ್ನಡದ ಅಕ್ಷರಗಳು ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಒಂದು ಪದದಲ್ಲಿ ಒಂದೇ ಒಂದು ಅಕ್ಷರ ಗುರುತಾಗದಿದ್ದರೂ ಇಡೀ ಪದವೇ ‘ಗೊತ್ತಿಲ್ಲ’ ಎಂಬ ಗುರುತಾಗಿಬಿಡುತ್ತದೆ. ದೋಷಸಂದೇಶ ಬರುವುದಿಲ್ಲ, ವೆಕ್ಟರ್ ಬರುತ್ತದೆ, ಫಲಿತಾಂಶವೂ ಬರುತ್ತದೆ. ಆದ್ದರಿಂದಲೇ ಇದು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ.

`multilingual-e5-small` ಬಳಸಿ ನೋಡಿ. ಅದೂ 384 ಅಂಕಿಗಳದ್ದೇ, ಆದರೆ ಕನ್ನಡವನ್ನು ಓದುತ್ತದೆ. ಒಂದು ಎಚ್ಚರಿಕೆ ಇದೆ: ಹುಡುಕುವ ಪ್ರಶ್ನೆಯ ಮುಂದೆ `query: ` ಎಂದೂ ಸಂಗ್ರಹದಲ್ಲಿಡುವ ಪಠ್ಯದ ಮುಂದೆ `passage: ` ಎಂದೂ ಸೇರಿಸಲೇಬೇಕು. ಆ ಮಾಡೆಲ್ ತರಬೇತಿ ಪಡೆದದ್ದೇ ಹಾಗೆ.

```python
from sentence_transformers import SentenceTransformer
model = SentenceTransformer("intfloat/multilingual-e5-small")
pv = model.encode(["passage: " + p for p in tunuku], normalize_embeddings=True)
qv = model.encode("query: " + prashne, normalize_embeddings=True)
anka = pv @ qv
```

ಸಂಘದಗುಮಾಸ್ತ (ತೀರ್ಥಹಳ್ಳಿ)

ಈ ಚರ್ಚೆ ನನಗೂ ಉಪಯೋಗಕ್ಕೆ ಬರುವಂತಿದೆ. ನಾನು ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಸದಸ್ಯರು ಫೋನಿನಲ್ಲಿ ಕೇಳಿದ್ದನ್ನೆಲ್ಲ ನಾವು ದಿನಾಂಕದೊಂದಿಗೆ ಬರೆದಿಡುತ್ತೇವೆ. ‘ಸದಸ್ಯ ಸಂಖ್ಯೆ 418ರವರು ಕಳೆದ ವರ್ಷ ಗೊಬ್ಬರದ ಬಾಕಿ ಬಗ್ಗೆ ಏನು ಕೇಳಿದ್ದರು’ ಎಂದು ಟೈಪಿಸಿದರೆ ಹಳೆಯ ಟಿಪ್ಪಣಿ ಬರುವಂತೆ ಇದೇ ವಿಧಾನದಲ್ಲಿ ಮಾಡಬಹುದೇ? ನಾನು ಪ್ರಯೋಗ ಮಾಡಿದಾಗ 481ರವರ ಟಿಪ್ಪಣಿ ಮೇಲೆ ಬಂತು.

ಕೊಡಚಾದ್ರಿತಪ್ಪಲು (ಹೊಸನಗರ)

ತಮ್ಮದು ಬೇರೆಯೇ ಪ್ರಶ್ನೆ, ಸರ್. ಎಂಬೆಡಿಂಗ್ ಅರ್ಥದ ಹತ್ತಿರವನ್ನು ಅಳೆಯುತ್ತದೆ. 418 ಮತ್ತು 481 ಎಂಬ ಎರಡು ಸಂಖ್ಯೆಗಳು ಅದರ ದೃಷ್ಟಿಯಲ್ಲಿ ಅಕ್ಕಪಕ್ಕದ ಮನೆಯವು. ಸದಸ್ಯ ಸಂಖ್ಯೆ, ವರ್ಷ ಇವನ್ನು ಪ್ರತ್ಯೇಕ ಕಾಲಂಗಳಲ್ಲಿಟ್ಟು ಮೊದಲು ಆ ಸದಸ್ಯರ ಆ ವರ್ಷದ ಟಿಪ್ಪಣಿಗಳನ್ನಷ್ಟೇ ಆರಿಸಿಕೊಳ್ಳಿ. ಒಬ್ಬ ಸದಸ್ಯರಿಗೆ ವರ್ಷಕ್ಕೆ ಹತ್ತು ಟಿಪ್ಪಣಿಗಳಿದ್ದರೆ ಅದರ ಮೇಲೆ ಕಣ್ಣಾಡಿಸಿದರೆ ಮುಗಿಯಿತು. ಒಬ್ಬರ ಬಾಕಿಯ ವಿವರ ಇನ್ನೊಬ್ಬರ ಹೆಸರಿನಡಿ ತೋರುವ ಅಪಾಯವಿರುವ ಕಡೆ ಅಂದಾಜಿನ ಹುಡುಕಾಟ ಸಲ್ಲದು.

ತುಂಗಾತೀರ (ಶಿವಮೊಗ್ಗ)

ಮೂರು ದಿನಗಳ ನಂತರ ಮರಳಿ ಬರೆಯುತ್ತಿದ್ದೇನೆ. ಮೊದಲ ದಿನ ಹೊಸ ಮಾಡೆಲ್ ಹಾಕಿಯೂ ಫಲಿತಾಂಶ ಅಷ್ಟೇ ಕೆಟ್ಟದಾಗಿತ್ತು. ಪ್ರಶ್ನೆಗೆ ಮಾತ್ರ ಹೊಸ ಮಾಡೆಲ್ ಬಳಸಿ, ಸಂಗ್ರಹದಲ್ಲಿ ಹಳೆಯ ಮಾಡೆಲ್ಲಿನ ವೆಕ್ಟರುಗಳನ್ನೇ ಬಿಟ್ಟಿದ್ದೆ. ಎರಡೂ 384 ಅಂಕಿಗಳವೇ ಆದುದರಿಂದ ಸಂಗ್ರಹ ಯಾವ ತಕರಾರನ್ನೂ ಮಾಡಲಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ ಮೇಲೆ ಕೊಳೆ ರೋಗದ ಪ್ರಶ್ನೆಗೆ ಕೊಳೆ ರೋಗದ ಸಂದೇಶಗಳೇ ಬರುತ್ತಿವೆ.

ಆದರೆ ಶರಾವತಿಕಣಿವೆ ಅವರು ಹೇಳಿದ 0.75ರ ಮಿತಿಯಿಂದ ಒಂದೇ ಒಂದು ಸಂದೇಶವೂ ಹೊರಗೆ ಹೋಗಲಿಲ್ಲ. ಬೋರ್ಡೋ ಪ್ರಶ್ನೆಗೂ ಮದುವೆಯ ಆಮಂತ್ರಣಕ್ಕೂ ಸಾಮ್ಯ 0.78 ಎಂದು ಬರುತ್ತಿದೆ. ಸರಿಯಾದ ಸಂದೇಶಕ್ಕೆ 0.88.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮೇಲೆ ಬಂದ ಐದರಲ್ಲಿ ನಾಲ್ಕು ಬರೀ ಪ್ರಶ್ನೆಗಳು. ಯಾರೋ 2021ರಲ್ಲಿ ಕೇಳಿದ್ದು, ಇನ್ಯಾರೋ 2023ರಲ್ಲಿ ಕೇಳಿದ್ದು. ಉತ್ತರವಿರುವ ಸಂದೇಶ ‘ಮೊದಲನೆಯದಾದ 40-45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ’ ಎಂದಷ್ಟೇ ಇದೆ. ಅದರಲ್ಲಿ ಬೋರ್ಡೋ ಎಂಬ ಪದವೂ ಇಲ್ಲ, ಸಿಂಪಡಣೆ ಎಂಬ ಪದವೂ ಇಲ್ಲ; ಅದು ಎಷ್ಟೋ ಕೆಳಗೆ ಉಳಿದುಬಿಟ್ಟಿದೆ.

ಕೊಡಚಾದ್ರಿತಪ್ಪಲು (ಹೊಸನಗರ)

ಸಾಮ್ಯದ ಅಂಕದ ವಿಷಯವನ್ನು ಬೇಗ ಮುಗಿಸುತ್ತೇನೆ. ಈ ಕುಟುಂಬದ ಮಾಡೆಲ್‌ಗಳಲ್ಲಿ ಅಂಕಗಳು ಸಾಮಾನ್ಯವಾಗಿ 0.7ರಿಂದ 1ರ ನಡುವೆಯೇ ತುಂಬಿಕೊಂಡಿರುತ್ತವೆ ಎಂದು ಅದನ್ನು ರೂಪಿಸಿದವರೇ ತಿಳಿಸಿದ್ದಾರೆ. ಅಂಕದ ಬೆಲೆಗಿಂತ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಮುಖ್ಯ. ಮಿತಿ ಬೇಕೇ ಬೇಕಾದರೆ ನಿಮ್ಮ ಗುಂಪಿನದೇ ಪ್ರಶ್ನೆಗಳ ಮೇಲೆ ಅಳೆದು ಇಟ್ಟುಕೊಳ್ಳಬೇಕು, ಬೇರೊಂದು ಮಾಡೆಲ್ಲಿನ ಮಿತಿ ಇಲ್ಲಿಗೆ ಹೊಂದುವುದಿಲ್ಲ.

ಎರಡನೆಯದು ನಿಜವಾದ ವಿಷಯ. ಸಂಭಾಷಣೆಯಲ್ಲಿ ಅರ್ಥ ಒಂದು ಸಂದೇಶದೊಳಗೆ ಇರುವುದಿಲ್ಲ. ‘40-45 ದಿನಕ್ಕೆ’ ಎಂಬುದು ಅದರ ಮೇಲಿನ ಪ್ರಶ್ನೆಯೊಂದಿಗೆ ಓದಿದಾಗ ಮಾತ್ರ ಉತ್ತರ. ಬೇರ್ಪಡಿಸಿದರೆ ಅದು ಕರು ಹಾಕುವ ದಿನವೂ ಆಗಬಹುದು. ಹಾಗಾಗಿ ಸಂದೇಶವನ್ನು ಘಟಕವಾಗಿ ಇಟ್ಟುಕೊಳ್ಳದೆ, ಪ್ರಶ್ನೆಯಿಂದ ಆರಂಭವಾಗಿ ಆ ವಿಷಯ ಮುಗಿಯುವವರೆಗಿನ ಮಾತುಕತೆಯನ್ನು ಒಂದು ಘಟಕ ಮಾಡಿಕೊಳ್ಳಿ.

ಇಲ್ಲಿ ಹೆಚ್ಚಿನವರು ಎಡವುವುದು ಹೀಗೆ: ಇಡೀ ಮಾತುಕತೆಯನ್ನು ಒಟ್ಟಾಗಿ ಎಂಬೆಡಿಂಗ್ ಮಾಡುತ್ತಾರೆ. ಈ ಮಾಡೆಲ್ ಒಂದು ಸಲಕ್ಕೆ 512 ಟೋಕನ್‌ಗಳಷ್ಟನ್ನೇ, ಅಂದರೆ ಪದದ ಚೂರುಗಳಷ್ಟನ್ನೇ, ಓದುತ್ತದೆ, ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಕನ್ನಡದ ಒಂದೊಂದು ಪದವೂ ಹಲವು ಟೋಕನ್‌ಗಳಾಗಿ ಒಡೆಯುವುದರಿಂದ ಆ ಮಿತಿ ನಾವು ಎಣಿಸಿದ್ದಕ್ಕಿಂತ ಬೇಗ ಬರುತ್ತದೆ. ಕತ್ತರಿಸದಿದ್ದರೂ, ಹತ್ತು ಜನರ ಮಾತು ಕಲಸಿದ ವೆಕ್ಟರ್ ಯಾವ ಪ್ರಶ್ನೆಗೂ ತೀರಾ ಹತ್ತಿರವಾಗುವುದಿಲ್ಲ. ಆದ್ದರಿಂದ ಹುಡುಕಲು ಬಳಸುವ ಪಠ್ಯವನ್ನೂ ಓದುಗನಿಗೆ ತೋರಿಸುವ ಪಠ್ಯವನ್ನೂ ಬೇರೆ ಮಾಡಿ. ಮಾತುಕತೆಯನ್ನು ಆರಂಭಿಸಿದ ಪ್ರಶ್ನೆಗೆ ಮಾತ್ರ ಎಂಬೆಡಿಂಗ್ ಮಾಡಿ. ಅದರ ಜೊತೆಗೆ ಆ ಇಡೀ ಮಾತುಕತೆಯ ಸಂಖ್ಯೆಯನ್ನು ಕಟ್ಟಿಡಿ. ಹೊಸ ಪ್ರಶ್ನೆ ಹಳೆಯ ಪ್ರಶ್ನೆಯನ್ನು ಹುಡುಕುತ್ತದೆ, ತೆರೆಯ ಮೇಲೆ ಬರುವುದು ಪೂರ್ತಿ ಮಾತುಕತೆ. ನಿಮಗೆ ಈಗ ತೊಂದರೆ ಎನಿಸಿರುವ ‘ಬರೀ ಪ್ರಶ್ನೆಗಳು ಬರುತ್ತಿವೆ’ ಎಂಬುದೇ ಆಗ ಅನುಕೂಲವಾಗುತ್ತದೆ.

ಶರಾವತಿಕಣಿವೆ (ಸಾಗರ)

ಮಿತಿಯ ಬಗ್ಗೆ ನನ್ನ ಸಲಹೆ ತಪ್ಪಾಗಿತ್ತು, ಒಪ್ಪಿಕೊಳ್ಳುತ್ತೇನೆ. ನಾನು ಬೇರೆ ಮಾಡೆಲ್ಲಿನಲ್ಲಿ ಆ ಅಂಕಿ ಬಳಸುತ್ತಿದ್ದೆ. ಆದರೆ ಪ್ರಶ್ನೆಯನ್ನಷ್ಟೇ ಎಂಬೆಡಿಂಗ್ ಮಾಡುವುದಕ್ಕೆ ನನ್ನ ಆಕ್ಷೇಪವಿದೆ. ನಮ್ಮ ಗುಂಪುಗಳಲ್ಲಿ ಎಷ್ಟೋ ಜನ ಪ್ರಶ್ನೆಯನ್ನೇ ಬರೆಯುವುದಿಲ್ಲ. ಎಲೆಯ ಫೋಟೋ ಹಾಕಿ ‘ಇದಕ್ಕೆ ಏನು ಮಾಡಬೇಕು’ ಎನ್ನುತ್ತಾರೆ. ಅಲ್ಲಿ ವಿಷಯ ಗೊತ್ತಾಗುವುದು ‘ಇದು ಎಲೆಚುಕ್ಕಿ’ ಎಂದು ಮೂರನೆಯವರು ಬರೆದಾಗ.

ಕೊಡಚಾದ್ರಿತಪ್ಪಲು (ಹೊಸನಗರ)

ಇದು ಸರಿಯಾದ ಆಕ್ಷೇಪ. ಒಂದೇ ಮಾತುಕತೆಗೆ ಎರಡು ವೆಕ್ಟರ್ ಇಡಬಹುದು: ಒಂದು ಪ್ರಶ್ನೆಯದು, ಇನ್ನೊಂದು ಅತಿ ಉದ್ದದ ಉತ್ತರದ್ದು. ಎರಡರಲ್ಲಿ ಯಾವುದು ಹೊಂದಿದರೂ ತೋರಿಸುವುದು ಅದೇ ಮಾತುಕತೆಯನ್ನು. ಒಂದೇ ಮಾತುಕತೆ ಎರಡು ಸಲ ಬಾರದಂತೆ ಸಂಖ್ಯೆ ನೋಡಿ ತೆಗೆದರಾಯಿತು.

ಹಳೆತೋಟ (ಕೊಪ್ಪ)

ನಾನು ತಂತ್ರಜ್ಞಾನದವನಲ್ಲ, ಮೂವತ್ತು ವರ್ಷಗಳಿಂದ ಅಡಕೆ ತೋಟ ನೋಡಿಕೊಂಡಿರುವವನು. ಇಂತಹ ಗುಂಪುಗಳಲ್ಲಿ ಬರೆದೂ ಬರೆದೂ ಕೈಸೋತವನಾದ್ದರಿಂದ ನಿಮ್ಮ ಕೆಲಸ ನಡೆಯಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ಒಂದು ಭಯವಿದೆ.

ಗುಂಪಿನಲ್ಲಿ ಮೊದಲು ಬರುವ ಉತ್ತರ ಸರಿಯಾದ ಉತ್ತರವೇ ಆಗಿರಬೇಕೆಂದಿಲ್ಲ. ನಮ್ಮ ಗುಂಪಿನಲ್ಲಿ ಒಮ್ಮೆ ಒಬ್ಬರು, ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ ಕಾಲು ಕೆ.ಜಿ. ಸಾಕು ಎಂದು ಬರೆದರು. ಅರ್ಧ ಗಂಟೆಯ ನಂತರ ನಾನು ಅದನ್ನು ನೋಡಿ, ಸುಣ್ಣವೂ 1 ಕೆ.ಜಿ. ಬೇಕು, ಸುಣ್ಣದ ಗುಣ ಹೆಚ್ಚುಕಡಿಮೆ ಇರುವುದರಿಂದ ಬೆರೆಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡಿ, ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ, ಹಾಗೆಯೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ ಎಂದು ತಿದ್ದಿ ಬರೆದೆ. ನಿಮ್ಮ ಯಂತ್ರ ಮೊದಲಿನವರ ಮಾತನ್ನು ತೋರಿಸಿ ನನ್ನ ತಿದ್ದುಪಡಿಯನ್ನು ಬಿಟ್ಟರೆ ಗತಿಯೇನು? ಅದಲ್ಲದೆ, ಆಗಸ್ಟಿನಲ್ಲಿ ಯಾರೋ ‘ಈಗ ಹೊಡೆಯಬೇಡಿ’ ಎಂದದ್ದು ಆ ವಾರದ ಮಳೆಗೆ ಸಂಬಂಧಿಸಿದ ಮಾತು.

ತುಂಗಾತೀರ (ಶಿವಮೊಗ್ಗ)

ತಮ್ಮ ಭಯ ನಿಜವಾಗಿದೆ, ಸರ್. ತಾವು ಬರೆದದ್ದನ್ನು ಓದಿದ ಮೇಲೆ ನಮ್ಮ ಗುಂಪಿನಲ್ಲಿ ಅಂತಹದ್ದನ್ನೇ ಹುಡುಕಿದೆ. ಹತ್ತು ನಿಮಿಷ ಯಾರೂ ಮಾತಾಡದಿದ್ದರೆ ಮಾತುಕತೆ ಮುಗಿಯಿತೆಂದು ಲೆಕ್ಕ ಹಾಕಿದ್ದೆ. ಹಾಗಾಗಿ ತಿದ್ದುಪಡಿಗಳು ಬೇರೆ ಘಟಕಕ್ಕೆ ಹೋಗಿಬಿದ್ದಿದ್ದವು. ಯಾರು ಯಾವ ಸಂದೇಶಕ್ಕೆ ಮರುನುಡಿದರು ಎಂಬ ಗುರುತು ಹೊರತೆಗೆದ ಪಠ್ಯದಲ್ಲಿ ಉಳಿಯುವುದಿಲ್ಲ, ಸಮಯವನ್ನೇ ನಂಬಬೇಕು. ಈಗ ನಲವತ್ತೈದು ನಿಮಿಷದ ಮೌನ ಎಂದು ಮಾಡಿದ್ದೇನೆ. ತೋರಿಸುವ ಪಠ್ಯಕ್ಕೆ ಉದ್ದದ ಮಿತಿ ಇಲ್ಲವಾದ್ದರಿಂದ ತಿದ್ದುಪಡಿಯೂ ಜೊತೆಗೇ ಬರುತ್ತದೆ. ಪ್ರತಿ ತುಣುಕಿನ ಮೇಲೆ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಇದರ ಬೆಲೆಯೂ ಇದೆ: ಸಂಜೆ ಏಳರ ನಂತರ ಧಾರಣೆ, ಕೊಳೆ, ಕಾರ್ಮಿಕರ ಕೊರತೆ ಮೂರೂ ಒಟ್ಟಿಗೆ ನಡೆಯುವಾಗ ಅವೆಲ್ಲ ಒಂದೇ ಘಟಕದೊಳಗೆ ಕೂರುತ್ತವೆ.

ಕೊಡಚಾದ್ರಿತಪ್ಪಲು (ಹೊಸನಗರ)

ಆ ಬೆಲೆಯನ್ನು ಕೊಡುವುದೇ ಮೇಲು. ಹೆಚ್ಚು ಓದಬೇಕಾಗುವುದು ಒಂದು ತೊಂದರೆ, ತಿದ್ದುಪಡಿ ಇಲ್ಲದ ತಪ್ಪು ಪ್ರಮಾಣವನ್ನು ಓದುವುದು ಬೇರೆಯೇ ತೊಂದರೆ. ಸುಣ್ಣ ಕಾಲು ಕೆ.ಜಿ. ಎಂಬ ವಾಕ್ಯವೂ 1 ಕೆ.ಜಿ. ಎಂಬ ವಾಕ್ಯವೂ ವೆಕ್ಟರಿನ ಲೆಕ್ಕದಲ್ಲಿ ಬಹುಪಾಲು ಒಂದೇ ಜಾಗದಲ್ಲಿ ಕೂರುತ್ತವೆ. ಯಾವುದು ಸರಿ ಎಂಬುದನ್ನು ಹುಡುಕಾಟ ಹೇಳಲಾರದು.

ಈಗ ಅಳತೆ ಮಾಡಿ. ಕಳೆದ ಮಳೆಗಾಲದ ಮೂವತ್ತು ನಿಜ ಪ್ರಶ್ನೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ಹಿಂದಿನ ವರ್ಷಗಳ ಯಾವ ಮಾತುಕತೆ ಉತ್ತರವಾಗಬೇಕೆಂದು ಕೈಯಿಂದ ಗುರುತಿಸಿ. ಅದು ಮೊದಲ ಐದರಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಅಲ್ಲಿಯವರೆಗೆ ನಾವು ಹೇಳುವುದೆಲ್ಲ ಊಹೆ.

ತುಂಗಾತೀರ (ಶಿವಮೊಗ್ಗ)

ಎಣಿಸಿದೆ. ಸಂದೇಶವೊಂದಕ್ಕೆ ಒಂದು ವೆಕ್ಟರ್ ಇದ್ದಾಗ ಮೂವತ್ತರಲ್ಲಿ ಹನ್ನೊಂದು. ಪ್ರಶ್ನೆಗೆ ಮತ್ತು ಉದ್ದದ ಉತ್ತರಕ್ಕೆ ಬೇರೆಬೇರೆ ವೆಕ್ಟರ್ ಇಟ್ಟು ಇಡೀ ಮಾತುಕತೆ ತೋರಿಸಿದಾಗ ಇಪ್ಪತ್ತೆರಡು.

ತಪ್ಪಿದ ಎಂಟರಲ್ಲಿ ಎರಡು ಒಂದೇ ಬಗೆಯವು. ‘ಹಿಂಗಾರ ಒಣಗುತ್ತಿದೆ, ಏನು ಮಾಡಲಿ’ ಎಂಬ ಪ್ರಶ್ನೆಗೆ ಹಿಂಗಾರು ಮಳೆ ಕೈಕೊಟ್ಟು ಬೆಳೆ ಒಣಗಿದ ಮಾತುಕತೆಗಳು ಬರುತ್ತಿವೆ. ಅಡಕೆಯ ಹೂಗೊಂಚಲಿಗೆ ಹಿಂಗಾರ ಎನ್ನುತ್ತಾರೆಂಬುದು ಮಾಡೆಲ್ಲಿಗೆ ತಿಳಿದಿಲ್ಲವೆಂದು ತೋರುತ್ತದೆ.

ಶರಾವತಿಕಣಿವೆ (ಸಾಗರ)

ಇಲ್ಲಿ ಪದದ ಹುಡುಕಾಟವನ್ನೂ ಜೊತೆಗೆ ಸೇರಿಸಿ. ವೆಕ್ಟರಿನ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ, ಪದದ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನು ನೋಡಿ, ಪ್ರತಿ ಪಟ್ಟಿಯಿಂದ `1/(60 + ಸ್ಥಾನ)` ಎಂದು ಅಂಕ ಕೊಟ್ಟು ಕೂಡಿಸುವ ರೂಢಿ ಇದೆ. ಒಂದರಲ್ಲಿ 3ನೆಯದು, ಇನ್ನೊಂದರಲ್ಲಿ 1ನೆಯದಾಗಿ ಬಂದ ಮಾತುಕತೆಗೆ 1/63 ಮತ್ತು 1/61 ಸೇರಿ ಸುಮಾರು 0.032 ಬರುತ್ತದೆ, ವೆಕ್ಟರಿನಲ್ಲಿ ಮಾತ್ರ ಮೊದಲನೆಯದಾಗಿ ಬಂದದ್ದಕ್ಕೆ ಅದರ ಅರ್ಧ. ಎರಡು ಬಗೆಯ ಅಂಕಗಳನ್ನು ನೇರವಾಗಿ ಕೂಡಿಸುವ ಪೇಚಾಟ ಇರುವುದಿಲ್ಲ.

ಕೊಡಚಾದ್ರಿತಪ್ಪಲು (ಹೊಸನಗರ)

ಒಳ್ಳೆಯ ಸಲಹೆ, ಆದರೆ ಕನ್ನಡದಲ್ಲಿ ಅದಕ್ಕೊಂದು ತೊಡಕಿದೆ. ಹಿಂಗಾರದ, ಹಿಂಗಾರಕ್ಕೆ, ಹಿಂಗಾರವನ್ನು ಎಂಬ ರೂಪಗಳು ಪದದ ಹುಡುಕಾಟಕ್ಕೆ ಮೂರು ಬೇರೆ ಪದಗಳು. ವಿಭಕ್ತಿಯ ಕಾಟ ತಪ್ಪಿಸಲು ಪದದ ಮೊದಲ ನಾಲ್ಕೈದು ಯುನಿಕೋಡ್ ಸಂಕೇತಗಳನ್ನಷ್ಟೇ ಹೋಲಿಸಿದರೆ ಹಿಂಗಾರು, ಹಿಂಗಾರಿನ ಎಂಬ ಮಳೆಯ ರೂಪಗಳೂ ಅದೇ ಬಲೆಗೆ ಬೀಳುತ್ತವೆ. ಪ್ರತ್ಯಯಗಳ ಪಟ್ಟಿ ಮಾಡಿ, ‘ದ’, ‘ಕ್ಕೆ’ ಬಂದರೆ ಹೂಗೊಂಚಲು, ‘ಇನ’, ‘ಇಗೆ’ ಬಂದರೆ ಮಳೆ ಎಂದು ಬೇರ್ಪಡಿಸಬಹುದೆಂದು ನನಗೆ ತೋರುತ್ತದೆ.

ಹಳೆತೋಟ (ಕೊಪ್ಪ)

ಅಷ್ಟು ಸಲೀಸಾಗಿ ಬೇರ್ಪಡುವುದಿಲ್ಲ. ಅವಸರದಲ್ಲಿ ಬರೆಯುವವರು ‘ಹಿಂಗಾರ ಮಳೆ’ ಎಂದೂ ಬರೆಯುತ್ತಾರೆ. ಹೂಗೊಂಚಲಿಗೆ ಸಿಂಗಾರ ಎನ್ನುವವರೂ ಬಹಳ ಇದ್ದಾರೆ. ಮದುವೆಯ ಮಂಟಪದ ಸಿಂಗಾರವೂ ಅದೇ ಗುಂಪಿನಲ್ಲಿರುತ್ತದೆ. ತೋಟದ ಪದಗಳನ್ನೂ ಅವಕ್ಕೆ ಸಮನಾಗಿ ಬಳಸುವ ಪದಗಳನ್ನೂ ನಾನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿದರೆ ನಿಮಗೆ ಪ್ರಯೋಜನವಾಗುತ್ತದೆಯೇ?

ತುಂಗಾತೀರ (ಶಿವಮೊಗ್ಗ)

ಖಂಡಿತ ಆಗುತ್ತದೆ, ಸರ್. ಎಂಬೆಡಿಂಗ್ ಮಾಡುವ ಮೊದಲು ಹಳೆಯ ಪಠ್ಯಕ್ಕೂ ಹೊಸ ಪ್ರಶ್ನೆಗೂ ‘ಹಿಂಗಾರ (ಅಡಕೆ ಹೂಗೊಂಚಲು)’ ಎಂದು ಸೇರಿಸಿ ನೋಡಿದೆ. ಅನುಮಾನವಿರುವ ಕಡೆ ಸೇರಿಸಲಿಲ್ಲ. ಪದದ ಹುಡುಕಾಟವನ್ನೂ ಕೂಡಿಸಿದಾಗ ಲೆಕ್ಕ ಇಪ್ಪತ್ನಾಲ್ಕಕ್ಕೆ ಬಂತು.

ಉಳಿದ ಆರರಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. `kole rogakke yenu hodibeku` ಎಂಬುದಕ್ಕೆ ಕನ್ನಡ ಲಿಪಿಯ ಮಾತುಕತೆಗಳು ಮೇಲೆ ಬರುತ್ತಲೇ ಇಲ್ಲ. ಎಲ್ಲವನ್ನೂ ಕನ್ನಡ ಲಿಪಿಗೆ ತಿರುಗಿಸಿ ನಂತರ ಎಂಬೆಡಿಂಗ್ ಮಾಡುವುದು ಒಂದು ದಾರಿ, ಆದರೆ ಒಬ್ಬೊಬ್ಬರು ಒಂದೊಂದು ರೀತಿ ಕಾಗುಣಿತ ಮಾಡುವುದರಿಂದ ನನ್ನ ಮೊದಲ ಪ್ರಯತ್ನದಲ್ಲಿ ‘ಹೊಡಿಬೇಕು’ ಎಂಬುದು ‘ಹೋದಿಬೆಕು’ ಆಯಿತು. ಯಾರಾದರೂ ಇದನ್ನು ಮಾಡಿ ನೋಡಿದ್ದರೆ ತಿಳಿಸಬೇಕು.

ಇನ್ನೆರಡಕ್ಕೆ ಉತ್ತರ ಸಿಗುವುದು ಸಾಧ್ಯವೇ ಇಲ್ಲ. ಅಲ್ಲಿ ಉತ್ತರ ಕೊಟ್ಟವರು ಧ್ವನಿ ಸಂದೇಶ ಕಳುಹಿಸಿದ್ದಾರೆ. ಹೊರತೆಗೆದ ಪಠ್ಯದಲ್ಲಿ ಅದರ ಜಾಗದಲ್ಲಿ `<Media omitted>` ಎಂಬ ಸಾಲು ಮಾತ್ರ ಇದೆ.

ಹಳೆತೋಟ (ಕೊಪ್ಪ)

ಟೈಪಿಸಲು ಬೇಸರವಾದಾಗ ನಾನೂ ಮಾತಾಡಿಯೇ ಕಳುಹಿಸುವುದು. ನಮ್ಮ ಗುಂಪಿನಲ್ಲಿರುವ ನನ್ನ ಧ್ವನಿ ಸಂದೇಶಗಳನ್ನು ಮಗಳ ಕೈಯಲ್ಲಿ ಬರೆಯಿಸಲು ಆರಂಭಿಸುತ್ತೇನೆ. ನಿಮ್ಮ ಆ ಎರಡನ್ನು ಕಳುಹಿಸಿದವರು ಈಗಲೂ ಗುಂಪಿನಲ್ಲಿದ್ದರೆ ಅವರನ್ನೇ ಕೇಳಿ ನೋಡಿ. ಪದಗಳ ಹಾಳೆ ಭಾನುವಾರದೊಳಗೆ ಬರುತ್ತದೆ.